ಆರ್ಡರ್ ಬಂದಾಗ ಹಣವೋ, ಪಾರ್ಸೆಲ್ ಹೊರಟಾಗ ಹಣವೋ? ಕಾರ್ಡ್ ಪಾವತಿಯ ನಾಲ್ಕು ದಾರಿಗಳ ಹೋಲಿಕೆ

ಹುಬ್ಬಳ್ಳಿಯಲ್ಲಿ ಕುಳಿತು ಸಣ್ಣ ವ್ಯಾಪಾರಿಗಳಿಗೆ ಆನ್‌ಲೈನ್ ಅಂಗಡಿ ಕಟ್ಟಿಕೊಡುವುದು ನನ್ನ ಕೆಲಸ. ಒಂದು ಪ್ರಶ್ನೆ ಮಾತ್ರ ತಿಂಗಳಿಗೊಮ್ಮೆಯಾದರೂ ಬೇರೆ ಬೇರೆ ವೇಷದಲ್ಲಿ ನನ್ನ ಬಳಿಗೆ ಬರುತ್ತದೆ. "ಸೀರೆ ನೇಯ್ದು ಬರಲು ಹದಿನೈದು ದಿನ ಬೇಕು. ಅಲ್ಲಿಯವರೆಗೆ ಗಿರಾಕಿಯ ಹಣವನ್ನು ಇಟ್ಟುಕೊಂಡು ಕೂರುವುದು ಸರಿಯೇ?" ಎಂದು ಒಬ್ಬರು ಕೇಳುತ್ತಾರೆ. "ಹಣ ತೆಗೆದುಕೊಂಡ ಮೇಲೆ ಸರಕೇ ಇಲ್ಲ ಎಂದು ಗೊತ್ತಾಯಿತು, ವಾಪಸು ಕೊಟ್ಟರೆ ಗೇಟ್‌ವೇ ಶುಲ್ಕ ನನ್ನ ತಲೆಗೆ ಬಂತು" ಎಂದು ಇನ್ನೊಬ್ಬರು ಗೊಣಗುತ್ತಾರೆ. ಇಬ್ಬರಿಗೂ ಯಾರೋ ಒಂದೇ ಮದ್ದು ಹೇಳಿರುತ್ತಾರೆ: ಚೆಕ್‌ಔಟ್‌ನಲ್ಲಿ ಕಾರ್ಡ್ ಮೇಲೆ ಹಣವನ್ನು ಹೋಲ್ಡ್ ಮಾತ್ರ ಮಾಡಿ, ಪಾರ್ಸೆಲ್ ಹೊರಟ ದಿನ ಕ್ಯಾಪ್ಚರ್ ಮಾಡಿ. ಮದ್ದು ಒಳ್ಳೆಯದೇ, ಆದರೆ ಎಲ್ಲರ ಕಾಯಿಲೆಗೂ ಅಲ್ಲ. ಮೇಲಿನ ಇಬ್ಬರಲ್ಲಿ ಎರಡನೆಯವರಿಗೆ ಅದು ಹೊಂದುತ್ತದೆ, ಮೊದಲನೆಯವರಿಗೆ ಹೊಂದುವುದಿಲ್ಲ. ಏಕೆ ಎಂಬುದೇ ಈ ಬರಹ.

ನ್ಯೂಜೆರ್ಸಿಯಲ್ಲಿರುವ, ಬಾಗಲಕೋಟೆ ಕಡೆಯ ಒಂದು ದಂಪತಿಯ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಇಳಕಲ್ ಸೀರೆ ಮತ್ತು ಚನ್ನಪಟ್ಟಣದ ಗೊಂಬೆಗಳನ್ನು ಅಮೆರಿಕದಲ್ಲಿರುವ ನಮ್ಮವರಿಗೆ ಮಾರುತ್ತಾರೆ. ಗೊಂಬೆಗಳು ಅವರ ಮನೆಯ ಗ್ಯಾರೇಜಿನಲ್ಲಿ ಡಬ್ಬಿಗಳಲ್ಲಿರುತ್ತವೆ. ಸೀರೆಗಳಲ್ಲಿ ಕೆಲವು ಅಲ್ಲಿಯೇ ಇರುತ್ತವೆ, ಕೆಲವು ಆರ್ಡರ್ ಬಂದ ಮೇಲೆ ಇಳಕಲ್‌ನಿಂದ ಬರಬೇಕು. ವ್ಯವಹಾರ ನೋಡಿಕೊಳ್ಳುವವರು ಮನೆಯೊಡತಿ. ನಾನು ಅವರನ್ನು ವೈನಿ ಎಂದೇ ಕರೆಯುವುದು.

ಬಟನ್ ಒತ್ತಿದಾಗ ನಡೆಯುವುದು ಎರಡು ಕೆಲಸ

ಗಿರಾಕಿ ಕಾರ್ಡ್ ಸಂಖ್ಯೆ ತುಂಬಿ ಬಟನ್ ಒತ್ತಿದ ಕೂಡಲೇ, ಅಂಗಡಿಗೂ ಬ್ಯಾಂಕಿಗೂ ನಡುವೆ ನಿಂತು ಪಾವತಿ ನಡೆಸಿಕೊಡುವ ಗೇಟ್‌ವೇ ಆ ಕಾರ್ಡ್ ಕೊಟ್ಟ ಬ್ಯಾಂಕನ್ನು ಕೇಳುತ್ತದೆ: ಈ ಕಾರ್ಡ್‌ನಲ್ಲಿ ಇಷ್ಟು ಹಣಕ್ಕೆ ಜಾಗವಿದೆಯೇ? ಇದ್ದರೆ ಈ ಅಂಗಡಿಯ ಹೆಸರಿನಲ್ಲಿ ಎತ್ತಿಡು. ಬ್ಯಾಂಕ್ ಒಪ್ಪಿದರೆ ಒಂದು ಅನುಮತಿ ಸಂಕೇತವನ್ನು ಕೊಡುತ್ತದೆ, ಕಾರ್ಡ್‌ನ ಮಿತಿಯಲ್ಲಿ ಅಷ್ಟನ್ನು ಕಡಿಮೆ ಮಾಡಿ ತೋರಿಸುತ್ತದೆ. ಇದು ಆಥರೈಸೇಷನ್, ನಾವು ದಿನನಿತ್ಯ ಹೋಲ್ಡ್ ಎನ್ನುವುದು. ಎತ್ತಿಟ್ಟ ಹಣವನ್ನು ನಿಜವಾಗಿ ಕಳಿಸು ಎಂದು ಅಂಗಡಿ ಕೇಳುವುದು ಎರಡನೆಯ ಕೆಲಸ. ಅದು ಕ್ಯಾಪ್ಚರ್. ಹೆಚ್ಚಿನ ಅಂಗಡಿಗಳಲ್ಲಿ ಎರಡೂ ಒಂದೇ ಉಸಿರಿನಲ್ಲಿ ಮುಗಿದುಹೋಗುವುದರಿಂದ ನಮಗೆ ಒಂದೇ ಕೆಲಸದಂತೆ ಕಾಣುತ್ತದೆ.

ಜವಳಿ ಅಂಗಡಿಯಲ್ಲಿ "ಈ ಸೀರೆ ಎತ್ತಿಡಿ, ಸಂಜೆ ಬಂದು ಒಯ್ಯುತ್ತೇನೆ" ಎನ್ನುತ್ತೇವಲ್ಲ, ಅದನ್ನು ತಿರುವಿ ಹಾಕಿದಂತೆ ಇದು. ಇಲ್ಲಿ ಎತ್ತಿಡುವುದು ಸೀರೆಯನ್ನಲ್ಲ, ಹಣವನ್ನು. ಎತ್ತಿಟ್ಟ ಸೀರೆಯನ್ನು ಅಂಗಡಿಯವರು ಹಬ್ಬ ಮುಗಿಯುವವರೆಗೂ ಇಟ್ಟುಕೊಳ್ಳುವುದಿಲ್ಲ. ಹಾಗೆಯೇ ಎತ್ತಿಟ್ಟ ಹಣವನ್ನು ಬ್ಯಾಂಕ್ ಕೂಡ ಬಹಳ ದಿನ ಕಾಯಿಸುವುದಿಲ್ಲ. ಇಡೀ ತೀರ್ಮಾನ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಅಳೆಯಬೇಕಾದದ್ದು ಏನನ್ನು

ದಾರಿಗಳನ್ನು ನೋಡುವ ಮೊದಲು ನಿಮ್ಮ ಅಂಗಡಿಯ ಬಗ್ಗೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ಹೆಚ್ಚು ತೂಕ ಮೊದಲನೆಯದಕ್ಕೆ: ಆರ್ಡರ್ ಬಂದ ಗಳಿಗೆಯಿಂದ ಪಾರ್ಸೆಲ್ ಕೈಬಿಡುವವರೆಗೆ ಎಷ್ಟು ದಿನ? ಸರಾಸರಿ ಬೇಡ, ಅದು ಮೋಸ ಮಾಡುತ್ತದೆ. ಕಳೆದ ಎರಡು ತಿಂಗಳ ಆರ್ಡರ್‌ಗಳನ್ನು ತೆಗೆದು ಅತಿ ತಡವಾಗಿ ಹೊರಟದ್ದು ಎಷ್ಟನೆಯ ದಿನ ಎಂದು ನೋಡಿ. ವೈನಿಯ ಅಂಗಡಿಯಲ್ಲಿ ಸರಾಸರಿ 3 ದಿನ ಇತ್ತು, ಕೆಟ್ಟ ದಿನಗಳಲ್ಲಿ 16 ಆಗಿತ್ತು.

ಆರ್ಡರ್ ಆದ ಮೇಲೆ ಮೊತ್ತ ಬದಲಾಗುತ್ತದೆಯೇ ಎಂಬುದು ಎರಡನೆಯದು. ಸರಕು ಮುಗಿದಿರುವುದು, ಮೂರು ವಸ್ತುಗಳಲ್ಲಿ ಎರಡು ಮಾತ್ರ ಸಿಗುವುದು, ಗಿರಾಕಿ ಅರ್ಧಕ್ಕೆ ಮನಸ್ಸು ಬದಲಿಸುವುದು ಎಲ್ಲವೂ ಇದರಲ್ಲಿ ಬರುತ್ತವೆ. ಮೂರನೆಯದು, ನಿಮ್ಮ ಗಿರಾಕಿಗಳ ಕಾರ್ಡ್ ಯಾವ ದೇಶದ್ದು ಮತ್ತು ಕ್ರೆಡಿಟ್ ಕಾರ್ಡೋ ಡೆಬಿಟ್ ಕಾರ್ಡೋ ಎಂಬುದು. ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ: ಕೊನೆಗೆ ಹಣ ಬಾರದೇ ಹೋದರೆ ಆ ಪೆಟ್ಟನ್ನು ತಾಳಿಕೊಳ್ಳಬಲ್ಲಿರಾ? ಅಳತೆ ಕೊಟ್ಟು ಹೊಲಿಸಿದ ಕುಪ್ಪಸವನ್ನು ಇನ್ನೊಬ್ಬರಿಗೆ ಮಾರಲಾಗದು, ಗೊಂಬೆಯನ್ನು ಮಾರಬಹುದು.

ಮೊದಲ ದಾರಿ: ಕೂಡಲೇ ಪೂರ್ತಿ ಹಣ, ಬೇಕಾದರೆ ವಾಪಸು

ಏನೂ ಹೊಂದಿಸದೆ ಬಿಟ್ಟರೆ ಗೇಟ್‌ವೇಗಳು ಸಾಮಾನ್ಯವಾಗಿ ನಡೆಯುವುದು ಈ ದಾರಿಯಲ್ಲಿ. ಲೆಕ್ಕ ಸರಳ, ಹಣ ಬಂದಿದೆ ಎಂಬ ನೆಮ್ಮದಿ ಇರುತ್ತದೆ, ನೇಕಾರರಿಗೆ ಮುಂಗಡ ಕೊಡಲು ಕೈಯಲ್ಲಿ ಕಾಸೂ ಇರುತ್ತದೆ. ಅದೇ ದಿನ ಅಥವಾ ಮರುದಿನ ಪಾರ್ಸೆಲ್ ಕಳಿಸುವ, ಸರಕಿನ ಲೆಕ್ಕ ಪಕ್ಕಾ ಇರುವ ಅಂಗಡಿಗೆ ಇದಕ್ಕಿಂತ ಬೇರೆ ದಾರಿ ಬೇಡವೇ ಬೇಡ.

ತೊಂದರೆ ಶುರುವಾಗುವುದು ವಾಪಸು ಕೊಡಬೇಕಾದಾಗ. ಅಮೆರಿಕದಲ್ಲಿ ಸ್ಟ್ರೈಪ್ ಎಂಬ ಗೇಟ್‌ವೇಯ ಸಾಮಾನ್ಯ ದರ ಪ್ರತಿ ವಹಿವಾಟಿಗೆ ಶೇ 2.9 ಮತ್ತು 30 ಸೆಂಟ್. ಹಣವನ್ನು ಪೂರ್ತಿ ಹಿಂತಿರುಗಿಸಿದರೂ ಆ ಶುಲ್ಕ ನಿಮಗೆ ಹಿಂತಿರುಗುವುದಿಲ್ಲ. ಭಾರತದ ಗೇಟ್‌ವೇಗಳ ರೂಢಿಯೂ ಹೆಚ್ಚುಕಡಿಮೆ ಹೀಗೆಯೇ. ಗಿರಾಕಿಯ ಕಡೆಯಿಂದ ನೋಡಿದರೆ ಸ್ಟೇಟ್‌ಮೆಂಟ್‌ನಲ್ಲಿ ಒಂದು ಖರ್ಚು, ಒಂದು ಜಮೆ, ನಡುವೆ ವಾರದಷ್ಟು ಕಾಯುವಿಕೆ. "ದುಡ್ಡು ಇನ್ನೂ ಬಂದಿಲ್ಲ" ಎಂಬ ಮೇಲ್‌ಗಳಿಗೆ ಉತ್ತರ ಬರೆಯುವ ಸಮಯಕ್ಕೂ ಬೆಲೆ ಇದೆ.

ಅಮೆರಿಕಕ್ಕೆ ಮಾರುವವರು ಇನ್ನೊಂದನ್ನು ತಿಳಿದಿರಬೇಕು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನಿಯಮದಂತೆ, ಎಷ್ಟು ದಿನದಲ್ಲಿ ಕಳಿಸುತ್ತೇವೆ ಎಂದು ನೀವು ಹೇಳದಿದ್ದರೆ 30 ದಿನದೊಳಗೆ ಕಳಿಸಲೇಬೇಕು. ತಡವಾಗುವುದಾದರೆ ಗಿರಾಕಿಗೆ ತಿಳಿಸಿ ಒಪ್ಪಿಗೆ ಕೇಳಬೇಕು, ಒಪ್ಪದಿದ್ದರೆ ಹಣ ವಾಪಸು ಕೊಡಬೇಕು. ಮುಂಚಿತವಾಗಿ ಹಣ ಪಡೆಯುವುದು ತಪ್ಪಲ್ಲ. ಪಡೆದು ಸುಮ್ಮನಿರುವುದು ತಪ್ಪು.

ಎರಡನೆಯ ದಾರಿ: ಹೋಲ್ಡ್ ಮಾಡಿ, ಹೊರಟ ದಿನ ಕ್ಯಾಪ್ಚರ್

ಈ ದಾರಿಯ ಅಂದ ಇರುವುದು ರದ್ದು ಮಾಡುವಾಗ. ಸರಕು ಇಲ್ಲ ಎಂದು ಎರಡನೆಯ ದಿನ ಗೊತ್ತಾದರೆ ಹೋಲ್ಡ್ ಬಿಟ್ಟುಬಿಡುತ್ತೀರಿ. ಖರ್ಚೇ ಆಗಿಲ್ಲದ ಕಾರಣ ಹಿಂತಿರುಗಿಸಲು ಏನೂ ಇಲ್ಲ. ಸ್ಟ್ರೈಪ್‌ನ ಸಾಮಾನ್ಯ ದರಪಟ್ಟಿಯಲ್ಲಿ ರದ್ದಾದ ಹೋಲ್ಡ್‌ಗೆ ಶುಲ್ಕವೂ ಇಲ್ಲ. ಕ್ರೆಡಿಟ್ ಕಾರ್ಡ್ ಗಿರಾಕಿಯ ಸ್ಟೇಟ್‌ಮೆಂಟ್‌ಗೆ ಅದು ಬರುವುದೇ ಇಲ್ಲ. ಆ್ಯಪ್‌ನಲ್ಲಿ "ಬಾಕಿ" ಎಂದು ಕಾಣಿಸಿಕೊಂಡ ಸಾಲು ಕೆಲವು ದಿನಗಳಲ್ಲಿ ಮಾಯವಾಗುತ್ತದೆ.

ಬೆಲೆ ತೆರಬೇಕಾಗಿರುವುದು ಗಡಿಯಾರಕ್ಕೆ. ಸ್ಟ್ರೈಪ್‌ನಲ್ಲಿ ಗಿರಾಕಿ ತಾನೇ ಆನ್‌ಲೈನ್‌ನಲ್ಲಿ ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಪಾವತಿಗಳ ಹೋಲ್ಡ್ ಸಾಮಾನ್ಯವಾಗಿ 7 ದಿನ ಬಾಳುತ್ತದೆ. ಆಮೇಲೆ ಅದು ತಾನಾಗಿಯೇ ರದ್ದಾಗುತ್ತದೆ. ಇವು ಕ್ಯಾಲೆಂಡರಿನ ದಿನಗಳು, ಕೆಲಸದ ದಿನಗಳಲ್ಲ. ಶನಿವಾರ, ಭಾನುವಾರ, ಹಬ್ಬದ ರಜೆ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಪೇಪಾಲ್ ಬಟನ್ ಒತ್ತಿದ ಗಿರಾಕಿಯ ಗಡಿಯಾರವೇ ಬೇರೆ: ಅನುಮತಿ 29 ದಿನ ಇರುತ್ತದೆ, ಆದರೆ ಹಣ ಸಿಗುವುದನ್ನು ಅವರು ಗಟ್ಟಿಯಾಗಿ ನೋಡಿಕೊಳ್ಳುವುದು ಮೊದಲ 3 ದಿನ ಮಾತ್ರ. ನಾಲ್ಕನೆಯ ದಿನದಿಂದ ನಿಮ್ಮ ಅದೃಷ್ಟ. ಒಂದೇ ಅಂಗಡಿಯಲ್ಲಿ ಎರಡೂ ಬಟನ್ ಇಟ್ಟಿದ್ದರೆ ಚಿಕ್ಕ ಗಡಿಯಾರವನ್ನೇ ನಂಬಿ ಕೆಲಸ ಮಾಡುವುದು ಒಳ್ಳೆಯದು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ವೈನಿಯ ಅಂಗಡಿಗೆ ಈ ವ್ಯವಸ್ಥೆ ಹಾಕಿಕೊಟ್ಟ ಮೊದಲ ವರ್ಷ, ಕ್ಯಾಪ್ಚರ್ ಕೆಲಸವನ್ನು ಆರ್ಡರ್ "ಮುಗಿಯಿತು" ಎಂದು ಗುರುತು ಹಾಕುವುದಕ್ಕೆ ಜೋಡಿಸಿದ್ದೆ. ನವೆಂಬರಿನ ರಜೆಯಲ್ಲಿ ಅವರು ನಾಲ್ಕು ದಿನ ಊರಿನಲ್ಲಿರಲಿಲ್ಲ. ಬಂದವರೇ ಗಡಿಬಿಡಿಯಲ್ಲಿ ಪಾರ್ಸೆಲ್ ಕಟ್ಟಿ, ಅಂಚೆಗೆ ಕೊಟ್ಟು, ರಾತ್ರಿ ಕುಳಿತು ಗುರುತು ಹಾಕಿದರು. ಮೂರು ಆರ್ಡರ್‌ಗಳ ಹೋಲ್ಡ್ ಹಿಂದಿನ ದಿನವೇ ಸತ್ತಿತ್ತು. ಕ್ಯಾಪ್ಚರ್ ಆಗಲಿಲ್ಲ ಎಂಬ ಸಂಗತಿ ಆರ್ಡರಿನ ಅಡಿಯಲ್ಲಿ ಒಂದು ಸಾಲಿನ ಟಿಪ್ಪಣಿಯಾಗಿ ಬಿದ್ದಿತ್ತು, ಅದನ್ನು ಯಾರೂ ಓದಲಿಲ್ಲ. ತಿಂಗಳ ಕೊನೆಗೆ ವೈನಿ ಫೋನ್ ಮಾಡಿ, "ತಮ್ಮಾ, ಪಾರ್ಸೆಲ್ ಮುಟ್ಟಿದೆ, ದುಡ್ಡು ಮಾತ್ರ ಬಂದಿಲ್ಲವಲ್ಲ" ಎಂದರು. ಮೂವರಿಗೂ ಬರೆದೆವು. ಇಬ್ಬರು ಅದೇ ದಿನ ಹಣ ಕಳಿಸಿದರು, ಒಬ್ಬರು ಉತ್ತರವನ್ನೇ ಕೊಡಲಿಲ್ಲ.

ಅಂದಿನಿಂದ ಕೆಲಸದ ಅನುಕ್ರಮವನ್ನು ಬದಲಿಸಿದ್ದೇವೆ. ಪಾರ್ಸೆಲ್ ತೂಗಿ, ವಿಳಾಸದ ಚೀಟಿ ಅಚ್ಚಾದ ಕೂಡಲೇ ಕ್ಯಾಪ್ಚರ್. ಅದು ಯಶಸ್ವಿಯಾದುದನ್ನು ಕಣ್ಣಾರೆ ನೋಡಿದ ಮೇಲೆ ಪಾರ್ಸೆಲ್ ಅಂಚೆಗೆ. ಹೊರಡುವ ದಿನ ಎಂದರೆ ಟ್ರಕ್ ಹೋದ ಮೇಲೆ ಎಂದಲ್ಲ, ಟ್ರಕ್ ಬರುವ ಮೊದಲು. ಜೊತೆಗೆ ಐದನೆಯ ದಿನವೂ ಕ್ಯಾಪ್ಚರ್ ಆಗದ ಆರ್ಡರ್‌ಗಳ ಪಟ್ಟಿ ಪ್ರತಿದಿನ ಬೆಳಗ್ಗೆ ಅವರ ಮೇಲ್‌ಗೆ ಹೋಗುತ್ತದೆ. ಸ್ಟ್ರೈಪ್‌ನಲ್ಲಿ ಇಂಥ ಪಾವತಿಯ ಸ್ಥಿತಿ `requires_capture` ಎಂದಿರುತ್ತದೆ. ಯಾವ ಗಳಿಗೆಯೊಳಗೆ ತೆಗೆದುಕೊಳ್ಳಬೇಕು ಎಂಬುದು ಆ ಪಾವತಿಯ ವಿವರದಲ್ಲಿ `capture_before` ಎಂಬ ಜಾಗದಲ್ಲಿ ಸಿಗುತ್ತದೆ. ಪ್ರೋಗ್ರಾಮ್ ಬರೆಯುವವರು 7 ಎಂಬ ಅಂಕಿಯನ್ನು ಕೋಡಿನಲ್ಲಿ ಕೆತ್ತಿಡದೆ ಅಲ್ಲಿಂದಲೇ ಓದಿಕೊಳ್ಳಬೇಕು. ಕಾರ್ಡಿನಿಂದ ಕಾರ್ಡಿಗೆ ಅವಧಿ ಬದಲಾಗುತ್ತದೆ.

ಸಿದ್ಧ ಅಂಗಡಿ ತಂತ್ರಾಂಶ ಬಳಸುವವರು ಒಂದು ಸೆಟ್ಟಿಂಗ್ ಅನ್ನು ಎರಡು ಸಲ ನೋಡಬೇಕು. ವೂಕಾಮರ್ಸ್‌ನ ಸ್ಟ್ರೈಪ್ ಪ್ಲಗಿನ್‌ನಲ್ಲಿ ಹೋಲ್ಡ್ ಆಯ್ಕೆ ಹಾಕಿದರೆ ಆರ್ಡರ್ `On hold` ಸ್ಥಿತಿಯಲ್ಲಿ ನಿಲ್ಲುತ್ತದೆ. ಅದನ್ನು `Processing` ಅಥವಾ `Completed` ಎಂದು ಬದಲಿಸಿದ ತಕ್ಷಣ ಕ್ಯಾಪ್ಚರ್ ಆಗುತ್ತದೆ. ಪ್ಯಾಕ್ ಮಾಡಲು ಶುರುಮಾಡಿದೆವು ಎಂಬ ಅರ್ಥದಲ್ಲಿ ಹುಡುಗರು `Processing` ಒತ್ತಿದರೆ ಸರಕು ಹುಡುಕುವ ಮೊದಲೇ ಹಣ ಬಂದುಬಿಟ್ಟಿರುತ್ತದೆ. ಆಗ ನೀವು ಹೋಲ್ಡ್ ಇದೆ ಎಂದು ನಂಬಿಕೊಂಡು ನಡೆಯುತ್ತಿರುವುದು ಮೊದಲ ದಾರಿಯಲ್ಲಿ. ಶಾಪಿಫೈನಲ್ಲಿ ಇದರ ತದ್ವಿರುದ್ಧ: ಆರ್ಡರ್ ಪೂರ್ತಿಯಾಗಿ ರವಾನೆಯಾದಾಗ ಕ್ಯಾಪ್ಚರ್ ಮಾಡು ಎಂಬ ಆಯ್ಕೆ ಇದೆ. ಎರಡರಲ್ಲಿ ಒಂದು ವಸ್ತು ಮಾತ್ರ ಹೋಗಿದ್ದರೆ ಅದು ಇನ್ನೊಂದಕ್ಕಾಗಿ ಕಾಯುತ್ತದೆ. ಕಾಯುತ್ತಾ ಕಾಯುತ್ತಾ ಹೋಲ್ಡ್ ಮುಗಿದರೆ ಹೋದ ವಸ್ತುವಿನ ಹಣವೂ ಹೋದಂತೆ.

ಇನ್ನೊಂದು ಮಿತಿ ಮೊತ್ತದ್ದು. ಹೋಲ್ಡ್ ಮಾಡಿದ್ದಕ್ಕಿಂತ ಕಡಿಮೆ ತೆಗೆದುಕೊಳ್ಳಬಹುದು, ಸಾಮಾನ್ಯ ಚಿಲ್ಲರೆ ಅಂಗಡಿಗೆ ಹೆಚ್ಚು ತೆಗೆದುಕೊಳ್ಳಲಾಗದು. ಅಂಚೆಯ ಖರ್ಚು ಏರಿತೆಂದು ಐದು ಡಾಲರ್ ಸೇರಿಸುವಂತಿಲ್ಲ. ಕಡಿಮೆ ತೆಗೆದುಕೊಂಡರೆ ಉಳಿದದ್ದು ಬಿಡುಗಡೆಯಾಗಿ ಹೋಗುತ್ತದೆ. ಸಾಮಾನ್ಯ ಖಾತೆಗಳಲ್ಲಿ ಒಂದು ಹೋಲ್ಡ್‌ಗೆ ಒಂದೇ ಕ್ಯಾಪ್ಚರ್. ಎರಡನೆಯ ಪಾರ್ಸೆಲ್‌ಗೆ ಎಂದು ಉಳಿಸಿಟ್ಟುಕೊಳ್ಳುವಂತಿಲ್ಲ.

ಡೆಬಿಟ್ ಕಾರ್ಡ್‌ನ ಗಿರಾಕಿಗೆ ಈ ಹೋಲ್ಡ್ ಹಗುರವಾದುದಲ್ಲ. ಕ್ರೆಡಿಟ್ ಕಾರ್ಡ್‌ನಲ್ಲಿ ಕಡಿಮೆಯಾಗುವುದು ಸಾಲದ ಮಿತಿ. ಡೆಬಿಟ್‌ನಲ್ಲಿ ಅದು ಮನೆ ಬಾಡಿಗೆಯ ಹಣ. ನೀವು ರದ್ದು ಮಾಡಿದ ಗಳಿಗೆಯಲ್ಲೇ ಅವರ ಬ್ಯಾಂಕ್ ಅದನ್ನು ಬಿಡುತ್ತದೆ ಎಂದೂ ಇಲ್ಲ.

ಮೂರನೆಯ ದಾರಿ: ಕಾರ್ಡ್ ಉಳಿಸಿಟ್ಟು, ಸರಕು ಬಂದ ದಿನ ಹೊಸದಾಗಿ ಹಣ

ಹದಿನೈದು ದಿನ ಕಾಯಬೇಕಾದ ಸೀರೆಗೆ 7 ದಿನದ ಹೋಲ್ಡ್ ಸಾಲದು. ಮತ್ತೆ ಮತ್ತೆ ಹೋಲ್ಡ್ ಹಾಕುತ್ತಾ ಹೋಗುವ ಉಪಾಯವನ್ನು ಕೆಲವರು ಹೇಳುತ್ತಾರೆ. ನಾನು ಬೇಡ ಎನ್ನುತ್ತೇನೆ. ಹಳೆಯದು ಬಿಡುಗಡೆಯಾಗುವ ಮೊದಲೇ ಹೊಸದು ಬಿದ್ದರೆ ಗಿರಾಕಿಯ ಆ್ಯಪ್‌ನಲ್ಲಿ ಒಂದೇ ಸೀರೆಗೆ ಎರಡು ಸಲ ಹಣ ಕಟ್ಟಾದಂತೆ ಕಾಣುತ್ತದೆ. ಅವರ ಮುಂದಿನ ಫೋನ್ ನಿಮಗಲ್ಲ, ಬ್ಯಾಂಕಿಗೆ.

ಅದರ ಬದಲು ಚೆಕ್‌ಔಟ್‌ನಲ್ಲಿ ಕಾರ್ಡನ್ನು ಪರೀಕ್ಷಿಸಿ ಉಳಿಸಿಕೊಳ್ಳಬಹುದು. ಉಳಿಯುವುದು ಗೇಟ್‌ವೇ ಬಳಿ. ನಿಮ್ಮ ಬಳಿ ಇರುವುದು ಅದರ ಗುರುತು ಮಾತ್ರ. ಸೀರೆ ಕೈಗೆ ಬಂದ ದಿನ ಆ ಗುರುತಿನಿಂದ ಹೊಸ ಪಾವತಿ ಮಾಡುತ್ತೀರಿ. ಗಿರಾಕಿಯ ಹಣ ಒಂದು ದಿನವೂ ಸಿಕ್ಕಿಬೀಳುವುದಿಲ್ಲ, ಗಡಿಯಾರದ ಒತ್ತಡವೂ ಇಲ್ಲ.

ಆದರೆ ಕೈಯಲ್ಲಿ ಯಾವ ಭರವಸೆಯೂ ಇರುವುದಿಲ್ಲ. ಆ ದಿನ ಕಾರ್ಡ್‌ನಲ್ಲಿ ಮಿತಿ ಇರಲಿಕ್ಕಿಲ್ಲ, ಕಾರ್ಡ್ ಬದಲಾಗಿರಬಹುದು, ಬ್ಯಾಂಕ್ ಗಿರಾಕಿಯನ್ನೇ ಕರೆತನ್ನಿ ಎಂದು `authentication_required` ಉತ್ತರ ಕೊಡಬಹುದು. ಯುರೋಪಿನ ಕಾರ್ಡ್‌ಗಳಲ್ಲಿ ಈ ಕೊನೆಯದು ಹೆಚ್ಚು. ಹಾಗಾಗಿ ವಿಫಲವಾದರೆ ಪಾವತಿ ಲಿಂಕ್ ಮೇಲ್ ಮಾಡುವ ವ್ಯವಸ್ಥೆ ಮೊದಲೇ ಇರಬೇಕು, ಹಣ ಬರುವವರೆಗೆ ಸೀರೆ ಕಪಾಟಿನಲ್ಲೇ ಇರಬೇಕು. ಬೇರೆಯವರಿಗೂ ಮಾರಬಹುದಾದ ವಸ್ತುವಿಗೆ ಈ ದಾರಿ ಸೊಗಸಾಗಿದೆ. ಹೆಸರು ನೇಯ್ದ ಸೀರೆಗೆ ಬೇಡ.

ಒಪ್ಪಿಗೆಯ ಮಾತು ಬಟನ್ ಪಕ್ಕದಲ್ಲೇ ಇರಲಿ. ವೈನಿಯ ಅಂಗಡಿಯಲ್ಲಿ ಬರೆದಿರುವುದು ಹೀಗೆ: "ಈಗ ನಿಮ್ಮ ಕಾರ್ಡ್‌ನಿಂದ ಹಣ ತೆಗೆದುಕೊಳ್ಳುವುದಿಲ್ಲ. ಸೀರೆ ನಮ್ಮ ಕೈಸೇರಿದ ದಿನ, ಸುಮಾರು ಎರಡು ವಾರದಲ್ಲಿ, 128 ಡಾಲರ್ ತೆಗೆದುಕೊಳ್ಳುತ್ತೇವೆ. ಅದಕ್ಕೆ ಎರಡು ದಿನ ಮೊದಲು ಮೇಲ್ ಮಾಡುತ್ತೇವೆ." ಆ ಎರಡು ದಿನ ಮೊದಲಿನ ಮೇಲ್ ಬಂದ ಮೇಲೆ "ಇದೇನು ಖರ್ಚು?" ಎಂಬ ತಕರಾರುಗಳು ನಿಂತವು.

ನಾಲ್ಕನೆಯ ದಾರಿ: ಮುಂಗಡ ಮತ್ತು ಬಾಕಿ

ಇದು ನಮ್ಮ ಅಕ್ಕಸಾಲಿಗರು, ದರ್ಜಿಗಳು ಮಾಡಿಕೊಂಡು ಬಂದದ್ದೇ. ಆರ್ಡರ್ ದಿನ ಒಂದು ಭಾಗವನ್ನು ನಿಜವಾಗಿ ತೆಗೆದುಕೊಂಡು, ಉಳಿದದ್ದನ್ನು ವಸ್ತು ತಯಾರಾದ ಮೇಲೆ ಲಿಂಕ್ ಕಳಿಸಿ ಪಡೆಯುವುದು. ಎರಡು ವಹಿವಾಟು ಆಗುವುದರಿಂದ 30 ಸೆಂಟ್‌ನಂಥ ಸ್ಥಿರ ಶುಲ್ಕ ಎರಡು ಸಲ ಬೀಳುತ್ತದೆ, ದೊಡ್ಡ ಮೊತ್ತಕ್ಕೆ ಅದು ಲೆಕ್ಕಕ್ಕಿಲ್ಲ. ಮುಂಗಡವು ಕನಿಷ್ಠ ನೇಕಾರರಿಗೆ ನೀವು ಕೊಡುವ ಹಣಕ್ಕೆ ಸಾಲುವಷ್ಟಿರಲಿ. ಗಿರಾಕಿ ಕೈಕೊಟ್ಟರೂ ನಿಮ್ಮ ಜೇಬಿನಿಂದ ಹೋಗಬಾರದು. ಅಳತೆಗೆ ಮಾಡಿಸಿದ, ಮರುಮಾರಾಟವಾಗದ ಸರಕಿಗೆ ನಾನು ಬೇರೆ ಯಾವುದನ್ನೂ ಸೂಚಿಸುವುದಿಲ್ಲ.

ಒಂದು ಆರ್ಡರ್‌ನ ಲೆಕ್ಕ

ವೈನಿಗೆ ಒಂದು ಸೋಮವಾರ ರಾತ್ರಿ ಬರುವಂಥ ಆರ್ಡರ್ ತೆಗೆದುಕೊಳ್ಳೋಣ. ಇಳಕಲ್ ಸೀರೆ 128 ಡಾಲರ್, ಗೊಂಬೆಗಳ ಒಂದು ಕಟ್ಟು 64, ಸಾಗಣೆ 12. ಒಟ್ಟು 204. ಬುಧವಾರ ಡಬ್ಬಿ ತೆರೆದರೆ ಆ ಬಣ್ಣದ ಸೀರೆ ಹಿಂದಿನ ವಾರವೇ ಮುಗಿದಿದೆ. ಇಳಕಲ್‌ನಿಂದ ಬರಲು ಎರಡು ವಾರ ಬೇಕು.

ಮೊದಲ ದಾರಿಯಲ್ಲಿದ್ದರೆ 204 ಡಾಲರ್ ಆಗಲೇ ಬಂದಿದೆ, ಶುಲ್ಕ 6.22 ಹೋಗಿದೆ. ಗಿರಾಕಿ ಕಾಯಲು ಒಪ್ಪಿದರೆ ಏನೂ ತೊಂದರೆಯಿಲ್ಲ. ಒಪ್ಪದಿದ್ದರೆ 128 ವಾಪಸು ಕೊಡಬೇಕು, ಅದರ ಪಾಲಿನ ಶುಲ್ಕ 3.71 ಡಾಲರ್ ನಷ್ಟ. ಒಂದು ಆರ್ಡರ್‌ಗೆ ಇದು ಚಹಾ ಕಾಸು. ತಿಂಗಳಿಗೆ ಹತ್ತು ಇಂಥವಾದರೆ ಅಲ್ಲ.

ಹೋಲ್ಡ್ ಇದ್ದರೆ ಬುಧವಾರವೇ ಗೊಂಬೆ ಮತ್ತು ಸಾಗಣೆಯ 76 ಡಾಲರ್ ಮಾತ್ರ ಕ್ಯಾಪ್ಚರ್ ಮಾಡಿ ಪಾರ್ಸೆಲ್ ಕಳಿಸಬಹುದು. ಶುಲ್ಕ 2.50. ಉಳಿದ 128 ಗಿರಾಕಿಗೆ ಬಿಡುಗಡೆ. ಆ ಕ್ಯಾಪ್ಚರ್ ಕೋರಿಕೆ ಇಷ್ಟೇ:

```
curl https://api.stripe.com/v1/payment_intents/pi_XXXX/capture \
  -u "sk_test_XXXX:" \
  -d amount_to_capture=7600
```

ಮೊತ್ತ ಸೆಂಟ್‌ಗಳಲ್ಲಿದೆ ಎಂಬುದನ್ನು ಗಮನಿಸಿ. 76 ಎಂದು ಬರೆದರೆ ಮುಕ್ಕಾಲು ಡಾಲರ್ ಬಂದು, ಉಳಿದದ್ದೆಲ್ಲ ಗಿರಾಕಿಗೆ ಹಿಂತಿರುಗುತ್ತದೆ, ಎರಡನೆಯ ಅವಕಾಶ ಇರುವುದಿಲ್ಲ. ಪರೀಕ್ಷೆಯ ಖಾತೆಯಲ್ಲಿ ಈ ತಪ್ಪನ್ನು ಮಾಡಿ ಮುಗಿಸಿಕೊಳ್ಳಿ.

ಸೀರೆ ಬೇಕೇ ಬೇಕು ಎಂದು ಗಿರಾಕಿ ಹೇಳಿದರೆ? ಹೋಲ್ಡ್ ಮುಂದಿನ ಸೋಮವಾರ ಸಾಯುತ್ತದೆ, ಸೀರೆ ಅದಕ್ಕೂ ಮುಂದಿನ ವಾರ ಬರುತ್ತದೆ. ಆದ್ದರಿಂದ ನಾವು ಮಾಡಿಕೊಂಡದ್ದು ಬೆರಕೆ ವ್ಯವಸ್ಥೆ: ಚೆಕ್‌ಔಟ್‌ನಲ್ಲಿ ಪೂರ್ತಿ ಮೊತ್ತಕ್ಕೆ ಹೋಲ್ಡ್, ಅದೇ ಹೊತ್ತಿಗೆ `setup_future_usage=off_session` ಹಾಕಿ ಒಪ್ಪಿಗೆಯೊಂದಿಗೆ ಕಾರ್ಡ್ ಉಳಿಸಿಕೊಳ್ಳುವುದು. ಇರುವುದನ್ನು ಹೋಲ್ಡ್‌ನಿಂದ ತೆಗೆದುಕೊಳ್ಳುತ್ತೇವೆ, ತಡವಾಗಿ ಬರುವುದಕ್ಕೆ ಮೂರನೆಯ ದಾರಿಯಲ್ಲಿ ಹೊಸ ಪಾವತಿ. ಮೊದಲಿನಿಂದಲೇ "ನೇಯ್ದು ಬರಬೇಕು" ಎಂದು ಪಟ್ಟಿಯಲ್ಲಿರುವ ಸೀರೆಗೆ ಹೋಲ್ಡ್ ಹಾಕುವುದನ್ನು ನಿಲ್ಲಿಸಿದ್ದೇವೆ. ಏಳನೆಯ ದಿನ ಸಾಯುತ್ತದೆ ಎಂದು ಗೊತ್ತಿದ್ದೂ ಗಿರಾಕಿಯ ಹಣವನ್ನು ಕಟ್ಟಿಹಾಕುವುದರಲ್ಲಿ ಯಾರಿಗೂ ಲಾಭವಿಲ್ಲ.

ಭಾರತದ ಗಿರಾಕಿಗಳಿಗೆ ಮಾರುವವರ ಪಾಡು ಬೇರೆ

ಈವರೆಗೆ ಹೇಳಿದ್ದನ್ನು ಓದಿ ಧಾರವಾಡದ ಅಂಗಡಿಗೂ ಹೀಗೆಯೇ ಹಾಕೋಣ ಎಂದುಕೊಂಡವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಇಲ್ಲಿನ ಗೇಟ್‌ವೇ ಆದ ರೇಜರ್‌ಪೇಯಲ್ಲಿಯೂ ಪಾವತಿಗೆ `authorized` ಮತ್ತು `captured` ಎಂಬ ಎರಡು ಸ್ಥಿತಿಗಳಿವೆ, ಕ್ಯಾಪ್ಚರ್ ಅನ್ನು ಕೈಯಿಂದ ಮಾಡುವ ಆಯ್ಕೆಯೂ ಇದೆ. ಹೆಸರು ಒಂದೇ ಆದರೂ ನಡೆಯುವುದು ಬೇರೆ. `authorized` ಆದ ಹೊತ್ತಿಗೇ ಗಿರಾಕಿಯ ಖಾತೆಯಿಂದ ಹಣ ಕಟ್ಟಾಗಿರುತ್ತದೆ, "ಡೆಬಿಟ್ ಆಗಿದೆ" ಎಂಬ ಎಸ್‌ಎಂಎಸ್ ಬಂದಿರುತ್ತದೆ. ನೀವು ಕ್ಯಾಪ್ಚರ್ ಮಾಡದಿದ್ದರೆ ಅದು ನಿಮಗೆ ಸೇರುವುದಿಲ್ಲ, ಕೆಲವೇ ದಿನಗಳಲ್ಲಿ ತಾನಾಗಿ ರೀಫಂಡ್ ಆಗಿ ಹಿಂದಿರುಗುತ್ತದೆ. ಅಂದರೆ ಗಿರಾಕಿಗೆ ಹಣ ಎತ್ತಿಟ್ಟ ಸುಖ ಇಲ್ಲ, ಕಳೆದುಕೊಂಡ ಅನುಭವವೇ. ಹೋಲ್ಡ್ ಮಾಡಿ ನಾನು ಗಿರಾಕಿಗೆ ಉಪಕಾರ ಮಾಡುತ್ತಿದ್ದೇನೆ ಎಂದು ಅಂಗಡಿಯವರು ತಿಳಿದಿದ್ದರೆ ಆ ಉಪಕಾರ ಅವರಿಗೆ ಮುಟ್ಟುತ್ತಿಲ್ಲ.

ಭಾಗಶಃ ತೆಗೆದುಕೊಳ್ಳುವ ಅನುಕೂಲವೂ ಅಲ್ಲಿಲ್ಲ. ಕ್ಯಾಪ್ಚರ್ ಮಾಡುವ ಮೊತ್ತ ಅನುಮತಿ ಸಿಕ್ಕ ಮೊತ್ತಕ್ಕೆ ಸಮನಾಗಿರಬೇಕು. ಎರಡರಲ್ಲಿ ಒಂದು ವಸ್ತು ಮಾತ್ರ ಇದ್ದರೆ ಪೂರ್ತಿ ತೆಗೆದುಕೊಂಡು ಒಂದರ ಹಣವನ್ನು ರೀಫಂಡ್ ಮಾಡಬೇಕು, ಅಂದರೆ ಮತ್ತೆ ಮೊದಲ ದಾರಿಗೆ.

ಕಾರ್ಡ್ ಉಳಿಸಿ ಆಮೇಲೆ ಹಣ ತೆಗೆಯುವ ಮೂರನೆಯ ದಾರಿಗೂ ಇಲ್ಲಿ ಬೇಲಿ ಇದೆ. 2022ರ ಅಕ್ಟೋಬರ್ 1ರಿಂದ ಅಂಗಡಿಗಳು ಕಾರ್ಡ್ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ. ಆ ಸಂಖ್ಯೆಯ ಬದಲು ಬಳಸುವ ಗುರುತು, ಅಂದರೆ ಟೋಕನ್ ಮಾತ್ರ ಇರಬಹುದು. ಟೋಕನ್ ಇದ್ದರೂ ಆನ್‌ಲೈನ್ ಖರೀದಿಗೆ ಓಟಿಪಿಯಂಥ ಎರಡನೆಯ ದೃಢೀಕರಣ ಬೇಕು. ತಿಂಗಳ ಚಂದಾದಂತೆ ಮತ್ತೆ ಮತ್ತೆ ಆಗುವ ಪಾವತಿಗೆ ಮೊದಲೇ ಒಪ್ಪಿಗೆ ಕೊಟ್ಟಿಡುವ ಇ-ಮ್ಯಾಂಡೇಟ್ ಇದೆ, ಒಂದು ಸೀರೆಯ ಬಾಕಿಗೆ ಅದು ಹೊಂದುವುದಿಲ್ಲ. ಸೀರೆ ಬಂದ ದಿನ ಗಿರಾಕಿ ಫೋನ್ ಹಿಡಿದು ಕೂರಲೇಬೇಕು ಎಂದಾದರೆ ಪಾವತಿ ಲಿಂಕ್ ಕಳಿಸುವುದೇ ನೇರ.

ಯುಪಿಐಯಲ್ಲಿ ಹಣವನ್ನು ಖಾತೆಯಲ್ಲೇ ತಡೆದಿಡುವ ವ್ಯವಸ್ಥೆ ಇದೆ. ಷೇರುಗಳ ಐಪಿಒಗೆ ಅರ್ಜಿ ಹಾಕಿದವರಿಗೆ ಅದರ ಪರಿಚಯವಿರುತ್ತದೆ. ಆದರೆ ಸಣ್ಣ ಅಂಗಡಿಯ ಚೆಕ್‌ಔಟ್‌ನಲ್ಲಿ ಗಿರಾಕಿ ಒತ್ತುವ ಸಾಮಾನ್ಯ ಯುಪಿಐ ಬಟನ್ ಅದಲ್ಲ. ಅದರಲ್ಲಿ ಹಣ ಹೋಯಿತೆಂದರೆ ಹೋಯಿತು. ದೇಶದೊಳಗಿನ ಗಿರಾಕಿಗಳಲ್ಲಿ ಯುಪಿಐ ಬಳಸುವವರೇ ಹೆಚ್ಚಾಗಿದ್ದರೆ ಹೋಲ್ಡ್ ಚರ್ಚೆಯೇ ವ್ಯರ್ಥ.

ಹಾಗಾಗಿ ಇಲ್ಲಿನ ಅಂಗಡಿಗಳಿಗೆ ನನ್ನ ಸಲಹೆ ಎರಡೇ. ಸರಕು ಕೈಯಲ್ಲಿದ್ದರೆ ಕೂಡಲೇ ಪೂರ್ತಿ ಹಣ, ಇಲ್ಲವೆಂದು ಗೊತ್ತಾದ ಗಂಟೆಯಲ್ಲೇ ರೀಫಂಡ್. ಮಾಡಿಸಿ ಕೊಡುವ ಸರಕಾದರೆ ಮುಂಗಡ, ಆಮೇಲೆ ಲಿಂಕ್. ಕೈಯಿಂದ ಕ್ಯಾಪ್ಚರ್ ಮಾಡುವುದು ಉಪಯೋಗಕ್ಕೆ ಬರುವುದು ಒಂದೇ ಸಂದರ್ಭದಲ್ಲಿ: ಆರ್ಡರ್ ಬಂದ ಕೆಲವು ಗಂಟೆಗಳಲ್ಲಿ ಗೋದಾಮನ್ನು ನೋಡಿ ಹೌದು ಅಥವಾ ಇಲ್ಲ ಎನ್ನಬಲ್ಲವರಿಗೆ. ಆ ನೋಟಕ್ಕಷ್ಟೇ ಅದನ್ನು ಬಳಸಿ, ಸಾಗಣೆಯ ದಿನದವರೆಗೆ ಎಳೆಯಬೇಡಿ.

ಹಾಗಾದರೆ ಯಾರಿಗೆ ಯಾವುದು

ವಿದೇಶದ ಕ್ರೆಡಿಟ್ ಕಾರ್ಡ್‌ಗಳು, ಅತಿ ತಡವಾದ ಪಾರ್ಸೆಲ್ ಕೂಡ ಐದು ದಿನದೊಳಗೆ, ಸರಕಿನ ಲೆಕ್ಕ ಆಗಾಗ ತಪ್ಪುತ್ತದೆ: ಇಂಥ ಅಂಗಡಿ ಕಣ್ಣುಮುಚ್ಚಿ ಎರಡನೆಯ ದಾರಿ ಹಿಡಿಯಬಹುದು. ಲೆಕ್ಕ ತಪ್ಪುವುದೇ ಇಲ್ಲ, ಮರುದಿನವೇ ಕಳಿಸುತ್ತೀರಿ ಎಂದರೆ ಹೋಲ್ಡ್‌ನ ಉಸಾಬರಿ ಬೇಡ. ಏಳು ದಿನ ದಾಟುವ, ಆದರೆ ಬೇರೆಯವರಿಗೂ ಮಾರಬಹುದಾದ ಸರಕಿದ್ದರೆ ಕಾರ್ಡ್ ಉಳಿಸಿಡುವ ಮೂರನೆಯದು. ಅಳತೆಗೆ ಮಾಡಿಸಿದ್ದಾದರೆ ಮುಂಗಡ. ಐದರಿಂದ ಏಳು ದಿನದ ನಡುವೆ ತೂಗಾಡುವವರಿಗೆ ನಾನು ಹೇಳುವುದು, ದಾರಿ ಬದಲಿಸುವ ಮೊದಲು ಕೆಲಸ ಎಲ್ಲಿ ತಡವಾಗುತ್ತಿದೆ ಎಂದು ನೋಡಿ. ವೈನಿಯ ಅಂಗಡಿಯಲ್ಲಿ ಎರಡು ದಿನ ಹೋಗುತ್ತಿದ್ದುದು ಡಬ್ಬಿಗಳಿಗೆ ಹೆಸರು ಬರೆಯದೆ ಇದ್ದುದರಿಂದ.

ಯಾವುದನ್ನೇ ಆರಿಸಿದರೂ ಮೊದಲ ಆರ್ಡರ್ ನಿಮ್ಮದೇ ಆಗಿರಲಿ. ನಿಮ್ಮ ಸ್ವಂತ ಕ್ರೆಡಿಟ್ ಕಾರ್ಡ್ ಮತ್ತು ಡೆಬಿಟ್ ಕಾರ್ಡ್‌ನಿಂದ ಒಂದೊಂದು ಚಿಕ್ಕ ಆರ್ಡರ್ ಹಾಕಿ, ಒಂದನ್ನು ಕ್ಯಾಪ್ಚರ್ ಮಾಡಿ, ಇನ್ನೊಂದನ್ನು ರದ್ದು ಮಾಡಿ. ಆಮೇಲೆ ಬ್ಯಾಂಕಿನ ಆ್ಯಪ್ ತೆರೆದು ಯಾವ ಸಾಲು ಯಾವ ದಿನ ಬಂತು, ಯಾವ ದಿನ ಮಾಯವಾಯಿತು ಎಂದು ಬರೆದಿಡಿ. "ದುಡ್ಡು ಎಲ್ಲಿ ಹೋಯಿತು?" ಎಂದು ಗಿರಾಕಿ ಕೇಳಿದಾಗ ವೈನಿ ಈಗ ನನಗೆ ಫೋನ್ ಮಾಡುವುದಿಲ್ಲ. ಆ ಚೀಟಿಯನ್ನು ನೋಡಿ ಅವರೇ ಉತ್ತರಿಸುತ್ತಾರೆ.